ಎಕ್ಸೆಲ್‌ನಲ್ಲಿ ಟೈಮ್‌ಲೈನ್: ಸ್ಟ್ಯಾಕ್ಡ್ ಬಾರ್ ಚಾರ್ಟಾ, ಸೆಲ್‌ಗೆ ಬಣ್ಣ ತುಂಬೋದಾ?

ಮನೆ ಕಟ್ಟೋ ಕೆಲಸ ಅಂತಿಟ್ಕೊಳ್ಳಿ, ಪಾಯ 2025ರ ಜೂನ್ 2ರಿಂದ 13ರವರೆಗೆ, ಆಮೇಲೆ ಗೋಡೆ. ಸ್ಟ್ಯಾಕ್ಡ್ ಬಾರ್‌ನಲ್ಲಿ ಮೊದಲನೇ ಸೀರೀಸ್ ಶುರುವಾಗೋ ತಾರೀಖು, ಎರಡನೇದು ಎಷ್ಟು ದಿನ ಅನ್ನೋದು. ಮೊದಲನೇದಕ್ಕೆ `No Fill` ಕೊಟ್ರೆ ಅದು ಕಾಣಲ್ಲ, ಪಾಯದ 12 ದಿನದ ಪಟ್ಟಿ ಮಾತ್ರ ಸರಿಯಾದ ಜಾಗದಲ್ಲಿ ನಿಲ್ಲತ್ತೆ.

ಎರಡನೇ ಸೀರೀಸ್‌ಗೆ ಮುಗಿಯೋ ತಾರೀಖನ್ನೇ ಕೊಟ್ಬಿಟ್ರೆ ಎಕ್ಸೆಲ್ ಎರಡೂ ತಾರೀಖನ್ನ ಕೂಡಿಸತ್ತೆ, ಪಟ್ಟಿ 2150ರ ಹತ್ರ ಹೋಗಿ ನಿಲ್ಲತ್ತೆ, ಹಾಗೆ ಕಂಡ್ರೆ ತಪ್ಪು ಇಲ್ಲೇ. B2ರಲ್ಲಿ ಶುರುವಾಗೋ ತಾರೀಖು, C2ರಲ್ಲಿ ಮುಗಿಯೋ ತಾರೀಖು ಇದ್ರೆ, ದಿನದ ಲೆಕ್ಕಕ್ಕೆ ಒಂದು ಸೇರಿಸ್ಲೇಬೇಕು, ಇಲ್ಲಾಂದ್ರೆ ಒಂದೇ ದಿನದ ಕೆಲಸ ಮಾಯ:

```
=C2-B2+1
```

ಆಕ್ಸಿಸ್‌ನ `Minimum`ಗೆ 45810 ಹಾಕಿ, ಅದು ಜೂನ್ 2ರ ನಂಬರ್. ಕೆಲಸಗಳು ತಲೆಕೆಳಗಾಗಿ ಬಂದಿದ್ರೆ `Categories in reverse order` ಟಿಕ್ ಮಾಡಿ.

ಇನ್ನೊಂದು ದಾರಿ ಕಂಡೀಷನಲ್ ಫಾರ್ಮ್ಯಾಟಿಂಗ್. ಮೇಲಿನ ಸಾಲಲ್ಲಿ E1ರಿಂದ ದಿನಕ್ಕೊಂದು ಕಾಲಂ, E2ರಿಂದ ಸೆಲೆಕ್ಟ್ ಮಾಡಿ ಈ ರೂಲ್:

```
=AND(E$1>=$B2,E$1<=$C2)
```

ಇದರಲ್ಲಿ ಭಾನುವಾರಕ್ಕೆ ಬೇರೆ ಬಣ್ಣ ಕೊಡಬಹುದು, ಹೊಸ ಕೆಲಸಕ್ಕೆ ಸಾಲು ಸೇರಿಸೋದೂ ಸುಲಭ, ಆದ್ರೆ ಆರು ತಿಂಗಳಾದ್ರೆ 180ಕ್ಕೂ ಹೆಚ್ಚು ಕಾಲಂ, ಒಂದು ಪೇಜಲ್ಲಿ ಪ್ರಿಂಟ್ ತೆಗೆದ್ರೆ ಓದೋಕಾಗಲ್ಲ.

ಸೈಟಲ್ಲಿ ದಿನಾ ತಿದ್ದೋರಿಗೆ ಸೆಲ್ ದಾರಿನೇ ವಾಸಿ. ಓನರ್‌ಗೆ ಸ್ಲೈಡಲ್ಲಿ ತೋರ್ಸೋಕೆ ನಾನು ಬಾರ್ ಚಾರ್ಟೇ ಮಾಡೋದು, ಎಷ್ಟು ತಿಂಗಳಿದ್ರೂ ಅದೇ ಅಗಲದಲ್ಲಿ ಕೂರತ್ತೆ.