ಫೈಬರ್ ನೆಟ್‌ಗಿಂತ ಅದರ ಚಾಟ್ ಸಹಾಯ ನನಗೆ ಜಾಸ್ತಿ ಇಷ್ಟ

ಬನಶಂಕರಿಯ ನಮ್ಮ ಮನೆಗೆ ಏರಿಯಾದ ಒಂದು ಸಣ್ಣ ಕಂಪನಿಯ ಫೈಬರ್ ಹಾಕಿಸಿ ವರ್ಷಗಳಾದವು. ಸ್ಪೀಡ್ ಬಗ್ಗೆ ಹೇಳುವಂಥದ್ದು ವಿಶೇಷ ಇಲ್ಲ, ಚೆನ್ನಾಗಿದೆ. ನಾನು ಬರೆಯಬೇಕೆಂದಿರುವುದು ಅವರ ಚಾಟ್ ಸಹಾಯದ ಬಗ್ಗೆ.

ಹಗಲು ಮನೆಯಲ್ಲಿರುವವರು ನಮ್ಮ ಅತ್ತೆ. ಅವರದು ಅನಂತಪುರ ಕಡೆ, ಮನೆಮಾತು ತೆಲುಗು. ಕನ್ನಡ ಬರೆಯುತ್ತಾರೆ, ಆದರೆ ಒಂದೊಂದೇ ಸಾಲು. ಮುಂಚೆ ಇದ್ದ ಕಂಪನಿಯವರು ಒಮ್ಮೆ ಅವರನ್ನು "ಎಲ್‌ಒಎಸ್ ಬ್ಲಿಂಕ್ ಆಗ್ತಿಲ್ಲ ಅಲ್ವಾ?" ಅಂತ ಕೇಳಿದ್ದರು. ಎಲ್‌ಒಎಸ್ ಅಂದರೆ ಫೈಬರ್ ಬಂದು ಸೇರುವ ಡಬ್ಬಿಯ ಮೇಲಿನ ಕೆಂಪು ದೀಪ. ಅತ್ತೆ "ಹೌದು" ಎಂದು ಬರೆದರು. ದೀಪ ಮಿನುಗುತ್ತಿದೆ ಅನ್ನುವುದು ಅವರ ಅರ್ಥ. ಇಲ್ಲ, ಮಿನುಗುತ್ತಿಲ್ಲ ಅಂತ ಆ ಕಡೆಯವರು ತಿಳಿದರು. ಸುಮ್ನೆ ಆಫ್ ಮಾಡಿ ಆನ್ ಮಾಡಿ ಎಂದು ಇಡೀ ದಿನ ಕಳೆಸಿದರು. ಆ ಕೆಂಪು ದೀಪ ಮಿನುಗಿದರೆ ಡಬ್ಬಿಗೆ ಫೈಬರಿನ ಬೆಳಕೇ ಬರುತ್ತಿಲ್ಲ ಎಂದರ್ಥ. ಎಷ್ಟು ಸಲ ಆನ್ ಮಾಡಿದರೂ ಅದು ಬರುವುದಿಲ್ಲ.

ಈಗಿನವರು "ಇಲ್ಲ ಅಲ್ವಾ" ಎಂದು ಕೇಳುವುದೇ ಇಲ್ಲ. ಹೋದ ಮಳೆಗಾಲದಲ್ಲಿ ಅತ್ತೆ "ನೆಟ್ ಇಲ್ಲ" ಎಂದಷ್ಟೇ ಬರೆದರು. ಅದಕ್ಕೆ ಬೇರೆ ಬೇರೆ ಅರ್ಥ ಇರಬಹುದು. ಹಾಗಾಗಿ ಅಲ್ಲಿದ್ದ ಹುಡುಗಿ ಮೊದಲು ಹೀಗೆ ಕೇಳಿದಳು: "ಅಮ್ಮ, ಫೋನಿನಲ್ಲಿ ನಿಮ್ಮ ಮನೆ ವೈಫೈ ಹೆಸರು ಕಾಣುತ್ತಾ?" ಕಾಣುತ್ತೆ ಎಂದರು. ಅಂದರೆ ಡಬ್ಬಿಗೆ ಕರೆಂಟ್ ಇದೆ, ವೈಫೈ ಸರಿ ಇದೆ. ಆಮೇಲೆ: "ಗೋಡೆ ಹತ್ತಿರದ ಬಿಳಿ ಡಬ್ಬಿ ನೋಡಿ. ಕೆಂಪು ದೀಪ ಇದ್ದರೆ 'ಕೆಂಪು' ಅಂತ ಬರೆಯಿರಿ. ಎಲ್ಲಾ ಹಸಿರಾಗಿದ್ದರೆ 'ಹಸಿರು' ಅಂತ ಬರೆಯಿರಿ." ಉತ್ತರ "ಕೆಂಪು". ಇಲ್ಲಿ ತಪ್ಪು ತಿಳಿಯಲು ಜಾಗವೇ ಇಲ್ಲ.

ಕೊನೆಗೆ ಇನ್ನೊಂದೇ ಪ್ರಶ್ನೆ: "ಡಬ್ಬಿ ಹಿಂದಿನ ತೆಳು ವೈರ್ ಎಲ್ಲಾದರೂ ಮಡಚಿದೆಯಾ? ಉದಾಹರಣೆಗೆ, ಮಂಚದ ಕಾಲಿನ ಕೆಳಗೆ. ಫೋಟೋ ಕಳಿಸಿ." ವೈರ್ ನಿಜವಾಗಿಯೂ ಬೀರುವಿಗೂ ಗೋಡೆಗೂ ನಡುವೆ ಸಿಕ್ಕಿ ಮಡಚಿತ್ತು. ಫೈಬರ್ ಜಾಸ್ತಿ ಬಾಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಅವಳು ತಾನು ತಿಳಿದದ್ದನ್ನು ತಿರುಗಿ ಬರೆದಳು: "ವೈಫೈ ಇದೆ. ಕೆಂಪು ದೀಪ ಇದೆ. ವೈರ್ ಮಡಚಿದೆ. ಸರಿನಾ?" ಅತ್ತೆ ಸರಿ ಎಂದ ಮೇಲೆಯೇ ಲೈನ್‌ಮ್ಯಾನ್‌ಗೆ ಹೇಳಿದಳು. ಅವರು ಹೊಸ ವೈರ್ ತಂದೇ ಬಂದರು.

ಒಂದೊಂದೇ ಪ್ರಶ್ನೆ ಕೇಳುವುದರಿಂದ ಸಮಯ ಜಾಸ್ತಿ ಹಿಡಿಯುತ್ತದೆ. ನನಗೇನೋ ಒಂದೇ ಸಲಕ್ಕೆ ಎಲ್ಲಾ ಕೇಳಿದರೆ ಸಾಕು. ಅತ್ತೆಗೆ ಮಾತ್ರ ಇದೇ ಸರಿ, ಮೂರು ಪ್ರಶ್ನೆ ಒಟ್ಟಿಗೆ ಬಂದರೆ ಅವರು ಕೊನೆಯದಕ್ಕಷ್ಟೇ ಉತ್ತರಿಸುತ್ತಾರೆ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೇನೆ, ಎಸ್‌ಎಂಎಸ್‌ಗಳಿಗಾಗಿ. ಅವುಗಳಲ್ಲಿ ಈಗಲೂ "ಎಫ್‌ಯುಪಿ ಮಿತಿ ತಲುಪಿದೆ" ಎಂದೇ ಬರುತ್ತದೆ. "ಈ ತಿಂಗಳ ಡೇಟಾ ಮುಗಿದಿದೆ. ನೆಟ್ ನಿಲ್ಲುವುದಿಲ್ಲ, ನಿಧಾನ ಆಗುತ್ತದೆ. ಮೆಸೇಜ್ ಹೋಗುತ್ತದೆ, ವಿಡಿಯೋ ನಿಂತು ನಿಂತು ಬರುತ್ತದೆ" ಎಂದು ಬರೆಯಿರಿ. ಚಾಟ್‌ನಲ್ಲಿರುವ ಆ ಹುಡುಗಿಯ ಕೈಲೇ ಬರೆಸಿದರೂ ಆದೀತು.