ಗಿಟಾರ್‌ನ ಕಂಪ್ಯೂಟರ್‌ಗೆ ಸೇರಿಸೋಕೆ ಡಿಐ ಬಾಕ್ಸ್ ಒಂದೇ ಸಾಕು ಅಂದರೆ ನಂಬಬೇಡಿ

ಶಿವಮೊಗ್ಗದ ಒಂದು ಅಂಗಡಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಂಪ್ಯೂಟರ್‌ಗೆ ಕೊಡಬೇಕು, ಆಂಪ್ಲಿಫೈಯರ್ ಥರ ಸದ್ದು ಕೊಡೋ ಸಾಫ್ಟ್‌ವೇರ್, ಅಂದರೆ ಆಂಪ್ ಸಿಮ್ ಹಾಕಿ ನುಡಿಸಬೇಕು ಅಂತ ಸ್ಪಷ್ಟವಾಗಿ ಹೇಳಿದ್ದೆ. "ಡಿಐ ಬಾಕ್ಸ್ ತಗೊಳ್ಳಿ ಸಾರ್, ಜೊತೆಗೆ ಈ ಕೇಬಲ್, ಮುಗೀತು" ಅಂದ ಅಂಗಡಿಯವ. ಡಿಐ ಬಾಕ್ಸ್ ಅಂದರೆ ಗಿಟಾರ್ ಸಿಗ್ನಲ್ ಅನ್ನು ಮೈಕ್ ಇನ್‌ಪುಟ್‌ಗೆ ಹೊಂದೋ ಹಾಗೆ ಬದಲಿಸೋ ಡಬ್ಬಿ. ಕೇಬಲ್‌ನ ಒಂದು ತುದಿಯಲ್ಲಿ ಮೈಕ್‌ಗೆ ಹಾಕೋ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಹೆಡ್‌ಫೋನ್ ಪಿನ್ನಿನಂಥದ್ದು. ಗಿಟಾರ್, ಮೈಕ್ ಸಿಗ್ನಲ್‌ನ ಕಂಪ್ಯೂಟರ್‌ಗೆ ಕೊಡೋ ಆಡಿಯೋ ಇಂಟರ್‌ಫೇಸ್ ಬೇಡವಾ ಅಂತ ಕೇಳಿದ್ದಕ್ಕೆ "ಅದು ಸ್ಟುಡಿಯೋದವರಿಗೆ" ಅಂದ.

ತೀರ್ಥಹಳ್ಳಿಗೆ ಬಂದು ಡೆಸ್ಕ್‌ಟಾಪ್‌ನ ನೀಲಿ ಲೈನ್-ಇನ್‌ಗೆ ಚುಚ್ಚಿದೆ. ಸದ್ದು ಬಹಳ ಸಣ್ಣ. ವಾಲ್ಯೂಮ್ ಏರಿಸಿದರೆ ಗಿಟಾರ್‌ಗಿಂತ ಸುಂಯ್ ಅನ್ನೋದೇ ಜಾಸ್ತಿ. ಆಂಪ್ ಸಿಮ್ ಅನ್ನು ಮೊನೊದಲ್ಲಿ ಹಾಕಿದರೆ ಇದ್ದ ಸದ್ದೂ ಮಾಯ! ಫೋನ್ ಮಾಡಿದೆ. "ಫ್ರೀ ಸಾಫ್ಟ್‌ವೇರ್ ಹಂಗೇ ಸಾರ್, ದುಡ್ಡಿಂದು ಹಾಕಿ." ಅವನೇ ಕೊಡಿಸಿದ, ದುಡ್ಡೂ ತಗೊಂಡ. ಅದರಲ್ಲೂ ಅದೇ ಕಥೆ. ಮತ್ತೆ ಫೋನ್ ಮಾಡಿದರೆ "ನಿಮ್ಮ ಗಿಟಾರ್ ಪಿಕಪ್ ವೀಕ್ ಇರಬೇಕು" ಅಂದ. ನಮ್ಮ ಗಿಟಾರ್‌ಗೇ ಬಂತು ಮಾತು!

ಆರ್ಕೆಸ್ಟ್ರಾಕ್ಕೆ ಸೌಂಡ್ ನೋಡ್ಕೊಳ್ಳೋ ನಮ್ಮ ಭಾವ ಬಂದು ರೆಕಾರ್ಡಿಂಗ್‌ನ ಎಡಗಡೆಯದು ಮಾತ್ರ ಬಿಟ್ಟು ಬಲಗಡೆಯದು ಮ್ಯೂಟ್ ಮಾಡಿದರು. ಗಿಟಾರ್ ಕೇಳಿಸಿತು! ಎದೆ ಧಸಕ್ಕಂತು. "ಡಿಐ ಬಾಕ್ಸ್ ಒಂದೇ ಸಿಗ್ನಲ್‌ನ ಎರಡು ತಂತಿಯಲ್ಲಿ ಕಳಿಸುತ್ತೆ, ಒಂದು ಇನ್ನೊಂದಕ್ಕೆ ಉಲ್ಟಾ. ಈ ಕೇಬಲ್ ಒಂದನ್ನ ಎಡಕ್ಕೆ, ಒಂದನ್ನ ಬಲಕ್ಕೆ ಕೊಟ್ಟಿದೆ. ಮೊನೊ ಮಾಡಿದ ಕೂಡಲೇ ಎರಡೂ ಕೂಡಿ ಸೊನ್ನೆ ಆಗುತ್ತೆ" ಅಂದರು. ಸದ್ದು ಸಣ್ಣ ಯಾಕೆ ಅಂದರೆ, ಪ್ಯಾಸಿವ್ ಡಿಐ ಒಳಗಿನ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಅನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಸುತ್ತೆ. ಅದು ಸಣ್ಣ ಸಿಗ್ನಲ್ ಏರಿಸೋ ಮೈಕ್ ಪ್ರೀಆಂಪ್‌ಗೆ ಹೋಗಬೇಕಾದ ಮಟ್ಟ, ಲೈನ್-ಇನ್‌ಗಲ್ಲ. ಯಾವ ಆಂಪ್ ಸಿಮ್ ಹಾಕಿದರೂ ಇದು ಸರಿಯಾಗಲ್ಲ.

ಅಂಗಡಿಗೆ ಹೋದೆ. "ಡಿಐ ಬಾಕ್ಸ್ ಕೆಟ್ಟಿದೆಯಾ? ಇಲ್ಲ ತಾನೇ? ಓಪನ್ ಮಾಡಿದ್ದು ವಾಪಸ್ ಇಲ್ಲ." ಗಿರಾಕಿಗಳ ಎದುರಿಗೇ ಹೀಗಂದ. ಹೌದು, ಕೆಟ್ಟಿಲ್ಲ. ನನಗೆ ಬೇಕಿಲ್ಲದ್ದನ್ನ ಮಾರಿದ್ದೇ ತಪ್ಪು! ಸಾಫ್ಟ್‌ವೇರ್ ದುಡ್ಡಿನ ಮಾತು ಎತ್ತಿದರೆ ಫೋನ್ ಬಂತು ಅಂತ ಒಳಗೆ ಹೋದ.

ತಗೊಳ್ಳೋರು ಕೇಳಿ. ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ತಗೊಳ್ಳಿ, ಅದರಲ್ಲಿ INST ಅಥವಾ Hi-Z ಅಂತ ಇರೋ ಇನ್‌ಪುಟ್ ಇದ್ದರೆ ಗಿಟಾರ್ ಕೇಬಲ್ ನೇರ ಅದಕ್ಕೇ, ಡಿಐ ಬಾಕ್ಸ್ ಬೇಕಾಗಲ್ಲ. ಆಗಲೇ ಡಿಐ ಇದ್ದರೆ ಎಕ್ಸ್‌ಎಲ್‌ಆರ್ ಕೇಬಲ್‌ನಿಂದ ಇಂಟರ್‌ಫೇಸಿನ ಮೈಕ್ ಇನ್‌ಪುಟ್‌ಗೆ ಕೊಡಿ. ಸಾಫ್ಟ್‌ವೇರ್‌ಗೆ ಮೊದಲೇ ದುಡ್ಡು ಸುರಿಯಬೇಡಿ, ನ್ಯೂರಲ್ ಆಂಪ್ ಮಾಡೆಲರ್ ಅನ್ನೋ ಆಂಪ್ ಸಿಮ್ ಉಚಿತ. ಅದರಲ್ಲಿ ಬರೀ ಆಂಪ್‌ನ ಫೈಲ್ ಹಾಕಿ ಸ್ಪೀಕರ್ ಕ್ಯಾಬಿನೆಟ್‌ನ ಸದ್ದು ಹಿಡಿದಿಟ್ಟ ಫೈಲ್, ಅಂದರೆ ಐಆರ್ ಹಾಕದಿದ್ದರೆ ಜೇನುಹುಳ ಮೊರೆದಂತೆ ಕೇಳುತ್ತೆ. ಅದನ್ನ ತೋರಿಸಿಯೂ "ಫ್ರೀದು ಹಂಗೇ" ಅಂತಾರೆ, ಐಆರ್ ಹಾಕಿಸಿ ಆಮೇಲೆ ಕೇಳಿ. ಅಂಗಡಿಯಲ್ಲೇ ನಿಮ್ಮ ಗಿಟಾರ್ ಚುಚ್ಚಿ, ಮೊನೊದಲ್ಲಿ ನುಡಿಸಿ ನೋಡದೆ ದುಡ್ಡು ಕೊಡಬೇಡಿ.