ಒಂದೇ ಬೋರ್ಡ್, ಎರಡು ಬೋರ್ಡ್, ಸ್ವಿಮ್‌ಲೇನ್: ಮೂರನ್ನೂ ನಡೆಸಿ ನೋಡಿದ್ದು

ದಾವಣಗೆರೆಯಲ್ಲಿ ನಮ್ಮದು ಆರು ಜನರ ಟೀಮ್. ಮಂಡಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಕೋಡ್ ಬರೆಯುವವರು ನಾಲ್ಕು ಜನ, ಟೆಸ್ಟಿಂಗ್‌ಗೆ ಒಬ್ಬಳು, ಫೋನ್ ಎತ್ತೋದಕ್ಕೆ ಒಬ್ಬ. ಮೆಕ್ಕೆಜೋಳದ ಸೀಸನ್ ಶುರುವಾದರೆ ಫೋನ್ ಕೆಳಗಿಡೋ ಹಾಗಿಲ್ಲ. ತುರ್ತು ರಿಪೇರಿ, ಹೊಸ ಫೀಚರ್, ನಿರ್ವಹಣೆ ಕೆಲಸ, ಈ ಮೂರನ್ನೂ ಕೆಲಸದ ಕಾರ್ಡ್‌ಗಳನ್ನು ಕಾಲಂನಿಂದ ಕಾಲಂಗೆ ಸರಿಸುವ ಕಾನ್‌ಬಾನ್ ಬೋರ್ಡ್ ಮೇಲೆ ಬೇರೆ ಬೇರೆ ಇಡೋದು ಹೇಗೆ ಅಂತ ಮೂರು ದಾರಿ ಹಿಡಿದು ನೋಡಿದೆವು.

ಮೊದಲು ಬಣ್ಣ. ಒಂದೇ ಬೋರ್ಡ್, ತುರ್ತಿಗೆ ಕೆಂಪು, ಫೀಚರ್‌ಗೆ ನೀಲಿ, ನಿರ್ವಹಣೆಗೆ ಹಸಿರು ಲೇಬಲ್. ನೋಡೋಕೆ ಚೆನ್ನಾಗಿತ್ತು. ಆದರೆ ಬಣ್ಣ ಯಾರನ್ನೂ ತಡೆಯೋದಿಲ್ಲ. ನಡೆಯುತ್ತಿರುವ ಕೆಲಸದ ಕಾಲಂಗೆ ಒಂದು ಸಲಕ್ಕೆ ಐದು ಕಾರ್ಡ್ ಮಿತಿ ಹಾಕಿದ್ದೆವು, ಐದೂ ನೀಲಿಯೇ ಆಗಿರುತ್ತಿದ್ದವು. ಹಸಿರು ಕಾರ್ಡ್‌ಗಳು ಎಡಗಡೆ ಕಾಲಂನಲ್ಲಿ ಕೆಳಗೆ ಜಾರುತ್ತಾ ಹೋದವು.

ಆಮೇಲೆ ನಿರ್ವಹಣೆಗೆ ಅಂತಲೇ ಇನ್ನೊಂದು ಬೋರ್ಡ್ ಮಾಡಿದೆವು. ಇದು ಇನ್ನೂ ಕೆಟ್ಟದ್ದು. ಬೆಳಗಿನ ಮೀಟಿಂಗ್‌ನಲ್ಲಿ ಮೊದಲ ಬೋರ್ಡ್ ತೆರೆಯುತ್ತೇವೆ, ಎರಡನೆಯದನ್ನು ನಾಳೆ ನೋಡೋಣ ಅಂತೀವಿ, ಅಷ್ಟೇ. ನಮ್ಮ ಸರ್ವರ್ ಸರ್ಟಿಫಿಕೇಟ್ 90 ದಿನದ್ದು. ಅದು ತಾನಾಗೇ ನವೀಕರಣ ಆಗುವ ಸ್ಕ್ರಿಪ್ಟ್ ಕೆಟ್ಟಿದೆ ಅಂತ ಕಾರ್ಡ್ ಆ ಎರಡನೇ ಬೋರ್ಡ್‌ನಲ್ಲೇ ಕೂತಿತ್ತು. ಒಂದು ಬೆಳಿಗ್ಗೆ ಅವಧಿ ಮುಗಿದು ಯಾವ ಅಂಗಡಿಗೂ ಲಾಗಿನ್ ಆಗಲಿಲ್ಲ. ಅರ್ಧ ಗಂಟೆಯ ನಿರ್ವಹಣೆ ಕೆಲಸ ನಾಲ್ಕು ಜನರ ತುರ್ತು ಕೆಲಸವಾಯ್ತು. ಬೈಗುಳ ಬೇರೆ!

ಮೂರನೆಯದು ಸ್ವಿಮ್‌ಲೇನ್. ಅದೇ ಬೋರ್ಡ್‌ಗೆ ಅಡ್ಡ ಗೆರೆ ಎಳೆದು ಮೂರು ಲೇನ್. ಮೇಲೆ ತುರ್ತು, ಮಧ್ಯ ಫೀಚರ್, ಕೆಳಗೆ ನಿರ್ವಹಣೆ. ಗೆರೆ ಎಳೆದ ಮೊದಲ ವಾರ ಬಣ್ಣಕ್ಕಿಂತ ಏನೂ ಬೇರೆ ಅನಿಸಲಿಲ್ಲ, ನಿಜ ಹೇಳಬೇಕಂದ್ರೆ. ವ್ಯತ್ಯಾಸ ಬಂದದ್ದು ಆ ಐದರ ಮಿತಿಯನ್ನು ಲೇನ್‌ಗಳಿಗೆ ಹಂಚಿದ ಮೇಲೆ: ತುರ್ತಿಗೆ 1, ಫೀಚರ್‌ಗೆ 3, ನಿರ್ವಹಣೆಗೆ 1. ನಿರ್ವಹಣೆಯ ಆ ಜಾಗ ಖಾಲಿ ಇದ್ದರೆ ಬೋರ್ಡ್‌ನಲ್ಲಿ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಅಲ್ಲಿಗೆ ಫೀಚರ್ ಕಾರ್ಡ್ ತಂದಿಡೋ ಹಾಗಿಲ್ಲ.

ಒಂದು ಸೋಮವಾರದ ಕತೆ ಹೇಳ್ತೀನಿ. ಬೆಳಿಗ್ಗೆ ಹತ್ತೂವರೆಗೆ ಒಂದು ಮಂಡಿಯಿಂದ ಫೋನ್: ಖಾಲಿ ಚೀಲದ ತೂಕ ಎರಡು ಸಲ ಕಳೆಯುತ್ತಿದೆ, ರೈತರು ಕೌಂಟರ್ ಮುಂದೆ ಜಗಳ ತೆಗೆದಿದ್ದಾರೆ. ಕಾರ್ಡ್ ಮೇಲಿನ ಲೇನ್‌ಗೆ ಹೋಯ್ತು. ಫೀಚರ್ ಮಾಡುತ್ತಿದ್ದ ಹುಡುಗ ತನ್ನ ಕಾರ್ಡ್ ಬಿಟ್ಟು ಎದ್ದ. ಆ ಬಿಟ್ಟ ಕಾರ್ಡ್‌ನ್ನು ನಾವು ಹಿಂದಕ್ಕೆ ತಳ್ಳಲಿಲ್ಲ, ನಿಂತಿದೆ ಅಂತ ಗುರುತು ಹಾಕಿ ಅಲ್ಲೇ ಬಿಟ್ಟೆವು. ಅದೂ ಮೂರರಲ್ಲಿ ಒಂದು ಅಂತಲೇ ಲೆಕ್ಕ. ಹೀಗಾಗಿ ಇನ್ಯಾರೂ ಹೊಸ ಫೀಚರ್ ಎಳೆದುಕೊಳ್ಳಲಿಲ್ಲ, ಮಧ್ಯಾಹ್ನ ಅವನು ವಾಪಸ್ ಬಂದಾಗ ಅವನ ಕೆಲಸ ಅಲ್ಲೇ ಇತ್ತು.

ಹನ್ನೊಂದಕ್ಕೆ ಇನ್ನೊಂದು ಫೋನ್. ಬಿಲ್ ಮೇಲೆ ಅಂಗಡಿಯ ಲೋಗೋ ಸಣ್ಣದಾಗಿ ಬರ್ತಿದೆ, ಅರ್ಜೆಂಟ್! ಫೋನ್ ಎತ್ತುವವನು ಕಾರ್ಡ್‌ನ್ನು ಮೇಲಕ್ಕೆ ಹಾಕೋಕೆ ಹೋದ, ಜಾಗ ಇಲ್ಲ. ಆಗ ಎರಡೇ ಪ್ರಶ್ನೆ ಇಟ್ಟೆವು. ಅಂಗಡಿಯಲ್ಲಿ ಈಗ ಬಿಲ್ ಆಗೋದು ನಿಂತಿದೆಯಾ? ದುಡ್ಡಿನ ಲೆಕ್ಕ ತಪ್ಪುತ್ತಿದೆಯಾ? ಎರಡಕ್ಕೂ ಇಲ್ಲ ಅಂದರೆ ಫೀಚರ್ ಲೇನ್‌ನಲ್ಲಿ ಸಾಲು ನಿಲ್ಲಬೇಕು. ಈ ನಿಯಮ ಇಲ್ಲದಿದ್ದರೆ ಎಲ್ಲರ ಕಾರ್ಡೂ ಮೇಲಿನ ಲೇನ್‌ಗೇ ಏರುತ್ತದೆ, ಆಮೇಲೆ ತುರ್ತು ಅನ್ನೋ ಮಾತಿಗೆ ಅರ್ಥ ಇರಲ್ಲ.

ಜಿರಾ ಸಾಫ್ಟ್‌ವೇರ್‌ನಲ್ಲಿ ಬೋರ್ಡ್ ಮಾಡುವವರಿಗೆ ಒಂದು ಮಾತು. ಬೋರ್ಡ್ ಸೆಟ್ಟಿಂಗ್‌ನಲ್ಲಿ ಸ್ವಿಮ್‌ಲೇನ್‌ನ್ನು `Queries` ಮೇಲೆ ಇಟ್ಟು, ಮೊದಲ ಲೇನ್‌ಗೆ ಮೊದಲ ಸಾಲು, ಎರಡನೆಯದಕ್ಕೆ ಎರಡನೇ ಸಾಲು ಕೊಟ್ಟೆವು:

```
priority = Highest
labels = maintenance
```

ಉಳಿದದ್ದೆಲ್ಲ ಕೊನೆಯ ಲೇನ್‌ಗೆ ತಾನಾಗೇ ಬೀಳುತ್ತದೆ, ಹಾಗಾಗಿ ಅಲ್ಲಿ ಫೀಚರ್ ಕೆಳಗೆ, ನಿರ್ವಹಣೆ ಮಧ್ಯ. ಕಾರ್ಡ್ ಮೊದಲು ಹೊಂದುವ ಲೇನ್‌ಗೇ ಹೋಗುವುದರಿಂದ ತುರ್ತು ಮೇಲೇ ಇರಬೇಕು. ಆದರೆ ಮಿತಿ ಇಡೀ ಕಾಲಂಗೆ ಬೀಳುತ್ತದೆ, ಲೇನ್‌ಗೆ ಅಲ್ಲ. ನಾವು ಲೇನ್ ಹೆಸರಿನಲ್ಲೇ "ತುರ್ತು – 1" ಅಂತ ಬರೆದು ಕಣ್ಣಲ್ಲೇ ಎಣಿಸುತ್ತೇವೆ.

ಇಬ್ಬರೇ ಇರುವ ಟೀಮ್ ಆದರೆ ಬಣ್ಣ ಸಾಕು, ಲೇನ್ ಎಲ್ಲ ಸುಮ್ನೆ ಜಾಸ್ತಿ. ಎರಡು ಬೋರ್ಡ್ ಮಾತ್ರ ನಾನು ಯಾರಿಗೂ ಹೇಳಲ್ಲ. ಇನ್ನು ನಮ್ಮಲ್ಲಿ ಟೆಸ್ಟಿಂಗ್ ಕಾಲಂ ಇವತ್ತಿಗೂ ಬಗೆಹರಿದಿಲ್ಲ. ಮೂರು ಲೇನ್‌ನ ಕಾರ್ಡೂ ಬಂದು ನಿಲ್ಲೋದು ಒಬ್ಬಳ ಮುಂದೆ, ಮೊನ್ನೆ ಅವಳು ರಜೆ ಹಾಕಿದಾಗ ಮೇಲಿನ ಲೇನ್‌ನ ಕಾರ್ಡೂ ಅಲ್ಲೇ ನಿಂತಿತ್ತು.